ಕಸ್ಟಮರ್ ಸಪೋರ್ಟ್ ಕೆಲಸದ ಮೂರು ಮೆಸೇಜ್: ಖಾನಾಪುರದ ಹುಡುಗಿ ಯಾವುದಕ್ಕೆ ಹೋಗಬೇಕು?

ಹೋದ ತಿಂಗಳು ಖಾನಾಪುರದಿಂದ ನಮ್ಮ ಸಂಬಂಧದ ಹುಡುಗಿಯೊಬ್ಬಳು ಬೆಳಗಾವಿಗೆ ಬಂದಿದ್ದಳು. ಬಿ.ಕಾಂ ಮುಗಿದು ಎಂಟು ತಿಂಗಳಾಗಿದೆ. ಬಂದವಳೇ ಮೊಬೈಲ್ ನನ್ನ ಕೈಗೆ ಕೊಟ್ಟಳು. ಅದರಲ್ಲಿ ಮೂರು ಕೆಲಸದ ಮೆಸೇಜ್ ಇದ್ದವು. ಮೂರೂ ಕಸ್ಟಮರ್ ಸಪೋರ್ಟ್.

"ಅಕ್ಕಾ, ಮೂರೂ ಒಂದ ಥರಾ ಕಾಣಾಕತ್ತಾವು. ಯಾವುದಕ್ಕ ಹೋಗ್ಲಿ?"

ನಾನು ಬೆಂಗಳೂರಿನಲ್ಲಿ ಆರು ವರ್ಷ ಕಾಲ್ ಸೆಂಟರ್‌ನಲ್ಲಿದ್ದೆ. ಮೊದಲು ಫೋನ್ ಎತ್ತುವ ಕೆಲಸ, ಆಮೇಲೆ ಬೇರೆಯವರ ಕಾಲ್ ಕೇಳಿ ಮಾರ್ಕ್ಸ್ ಹಾಕುವ ಕ್ವಾಲಿಟಿ ಕೆಲಸ. ಸಂದರ್ಶನದ ವಾಯ್ಸ್ ರೌಂಡ್‌ಗೂ ನನ್ನನ್ನು ಕೂರಿಸುತ್ತಿದ್ದರು. ಆ ಮೂರು ಮೆಸೇಜ್‌ಗಳಲ್ಲಿ ಒಂದೊಂದು ಸಾಲಿನ ಹಿಂದೆ ಏನಿರುತ್ತದೆ ಅಂತ ನನಗೆ ಗೊತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಇರುವ ಮೆಸೇಜ್ ಬೇರೆ ಇರಬಹುದು, ಆದರೆ ಸಾಲುಗಳು ಹೆಚ್ಚು ಕಡಿಮೆ ಇವೇ ಇರುತ್ತವೆ.

ಮೊದಲನೆಯದು: "ಕನ್ನಡ ಪ್ಲಸ್ ಹಿಂದಿ ವಾಯ್ಸ್ ಪ್ರೋಸೆಸ್. ಹುಬ್ಬಳ್ಳಿ. ಶಿಫ್ಟ್ ಬೆಳಿಗ್ಗೆ 7ರಿಂದ ರಾತ್ರಿ 10ರೊಳಗೆ, ಹೆಣ್ಣುಮಕ್ಕಳಿಗೆ 8ರವರೆಗೆ. ವಾರಕ್ಕೆ 6 ದಿನ, ರೊಟೇಶನಲ್ ವೀಕ್ ಆಫ್. ಟೇಕ್ ಹೋಮ್ 15,000. ಎಚ್‌ಆರ್, ವಾಯ್ಸ್ ರೌಂಡ್, ಟೈಪಿಂಗ್, ಆಪರೇಷನ್ಸ್ ರೌಂಡ್."

ಎರಡನೆಯದು: "ಇಂಟರ್‌ನ್ಯಾಷನಲ್ ವಾಯ್ಸ್. ಎಕ್ಸಲೆಂಟ್ ಇಂಗ್ಲಿಷ್ ಕಡ್ಡಾಯ. ಬೆಂಗಳೂರು. 24/7 ರೊಟೇಶನಲ್ ಶಿಫ್ಟ್, 5 ದಿನ ಕೆಲಸ, 2 ಆಫ್. ಎರಡೂ ಕಡೆ ಕ್ಯಾಬ್. ಸಿಟಿಸಿ 3.6 ಲಕ್ಷ. ಎಚ್‌ಆರ್, ವರ್ಸಂಟ್, ಆಪರೇಷನ್ಸ್, ಕ್ಲೈಂಟ್ ರೌಂಡ್."

ಮೂರನೆಯದು: "ಚಾಟ್ ಮತ್ತು ಇಮೇಲ್ ಸಪೋರ್ಟ್. ವರ್ಕ್ ಫ್ರಮ್ ಹೋಮ್. ಇಂಗ್ಲಿಷ್ ಓದು ಬರಹ ಚೆನ್ನಾಗಿರಬೇಕು. 24/7 ಶಿಫ್ಟ್, 6 ದಿನ. ಟೈಪಿಂಗ್ 30 ಸ್ಪೀಡ್, 90 ಪರ್ಸೆಂಟ್ ಅಕ್ಯುರಸಿ. ಸ್ವಂತ ಲ್ಯಾಪ್‌ಟಾಪ್, ಬ್ರಾಡ್‌ಬ್ಯಾಂಡ್ ಇರಬೇಕು. ಸಿಟಿಸಿ 2.4 ಲಕ್ಷ."

ಮೂರರಲ್ಲೂ ಎಲ್ಲರ ಕಣ್ಣು ಮೊದಲು ಹೋಗುವುದು ಸಂಬಳದ ಕಡೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಭಾಷೆ, ಆಮೇಲೆ ಶಿಫ್ಟ್, ಆಮೇಲೆ ಟೆಸ್ಟ್. ಭಾಷೆ ಸಾಲದಿದ್ದರೆ ಕೆಲಸವೇ ಸಿಗುವುದಿಲ್ಲ. ಶಿಫ್ಟ್ ತಡೆಯದಿದ್ದರೆ ಸಿಕ್ಕ ಕೆಲಸ ಮೂರು ತಿಂಗಳೂ ಉಳಿಯುವುದಿಲ್ಲ. ಇವೆರಡೂ ದಾಟಿದ ಮೇಲೆ ಸಂಬಳದ ಲೆಕ್ಕ ಹಾಕಬಹುದು.

ಯಾವ ಭಾಷೆ ಅನ್ನುವುದಕ್ಕಿಂತ, ಆ ಭಾಷೆಯಲ್ಲಿ ಏನು ಮಾಡಬೇಕು

ಮೆಸೇಜ್‌ನಲ್ಲಿ "ಕನ್ನಡ ಕಡ್ಡಾಯ" ಅಂತ ಇದ್ದರೆ ನಮ್ಮ ಕಡೆಯವರು ಖುಷಿಯಾಗುತ್ತಾರೆ. ಇಂಗ್ಲಿಷ್ ಬೇಡ ಅಂದುಕೊಳ್ಳುತ್ತಾರೆ. ಹಾಗಲ್ಲ. ಕನ್ನಡ ಪ್ರೋಸೆಸ್, ಅಂದರೆ ಕನ್ನಡದಲ್ಲಿ ಮಾತಾಡುವ ಗ್ರಾಹಕರ ಕೆಲಸದಲ್ಲಿ, ಮಾತು ಕನ್ನಡದಲ್ಲಿ, ಸ್ಕ್ರೀನ್ ಇಂಗ್ಲಿಷ್‌ನಲ್ಲಿ. ಗ್ರಾಹಕರು "ದುಡ್ಡು ಕಟ್ ಆಗೈತಿ, ರೀಚಾರ್ಜ್ ಆಗಿಲ್ಲ" ಅಂತ ಕನ್ನಡದಲ್ಲಿ ಹೇಳುತ್ತಿರುವಾಗಲೇ ನೀವು ಅದನ್ನು ಇಂಗ್ಲಿಷ್‌ನಲ್ಲಿ ಎರಡು ಸಾಲಿನ ನೋಟ್ಸ್ ಮಾಡಬೇಕು. ನಿಯಮಗಳೂ ಇಂಗ್ಲಿಷ್‌ನಲ್ಲೇ ಇರುತ್ತವೆ. ಅವನ್ನು ಓದಿ, ಅರ್ಥ ಮಾಡಿಕೊಂಡು, ಆ ಕ್ಷಣಕ್ಕೆ ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷ್ ಮಾತಾಡಲು ಬರದಿದ್ದರೂ ನಡೆಯುತ್ತದೆ. ಓದಲು, ಸಣ್ಣ ವಾಕ್ಯ ಟೈಪ್ ಮಾಡಲು ಬರಲೇಬೇಕು.

ಇನ್ನೊಂದು ವಿಷಯ ಇದೆ, ಅದು ನಮ್ಮ ಭಾಗದವರಿಗೇ ಹೆಚ್ಚು ತಾಗುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಾತಿನಲ್ಲಿ "ರೀ" ಅನ್ನುವುದು ಗೌರವ. "ಹೌದ್ರಿ", "ಹೇಳ್ರಿ", "ಯಾಕ್ರಿ" ಅಂದರೆ ಎದುರಿನವರಿಗೆ ಮರ್ಯಾದೆ ಕೊಟ್ಟಂತೆ. ಆದರೆ ಮೈಸೂರು, ಮಂಡ್ಯ ಕಡೆಯ ಕೆಲವರಿಗೆ ಅದೇ "ಯಾಕ್ರೀ?" ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ನಾನು ಕೇಳಿದ ಒಂದು ಕಾಲ್ ಇನ್ನೂ ನೆನಪಿದೆ. ವಿಜಯಪುರದ ಹುಡುಗ, ಬಹಳ ಒಳ್ಳೆಯ ಹುಡುಗ. ಗ್ರಾಹಕರು "ನನ್ನ ಆರ್ಡರ್ ಕ್ಯಾನ್ಸಲ್ ಮಾಡಿ" ಅಂದರು. ಇವನು ಕಾರಣ ಕೇಳಬೇಕಿತ್ತು, "ಯಾಕ್ರಿ ಸರ್?" ಅಂದ. ಅವರು ಸಿಟ್ಟಾಗಿ "ಯಾಕೆ ಅಂತ ನಿನಗೆ ಹೇಳಬೇಕೇನಯ್ಯಾ?" ಅಂದುಬಿಟ್ಟರು. ಹುಡುಗನಿಗೆ ಏನು ತಪ್ಪಾಯಿತು ಅಂತಲೇ ಗೊತ್ತಾಗಲಿಲ್ಲ. "ಕಾರಣ ತಿಳಿಸಬಹುದಾ ಸರ್?" ಅಂದಿದ್ದರೆ ಮುಗಿದಿತ್ತು. ವಾಯ್ಸ್ ರೌಂಡ್‌ನಲ್ಲಿ "ನ್ಯೂಟ್ರಲ್ ಕನ್ನಡ" ಅಂತ ಕೇಳುವುದು ಇದನ್ನೇ. ನಿಮ್ಮ ಮಾತನ್ನು ಬಿಡಿ ಅಂತ ಅಲ್ಲ. ಎಲ್ಲ ಜಿಲ್ಲೆಯವರಿಗೂ ಒಂದೇ ಥರ ಕೇಳಿಸುವ ಹತ್ತು ಹದಿನೈದು ವಾಕ್ಯ ಬಾಯಿಗೆ ಕೂರಿಸಿಕೊಳ್ಳಿ ಅಂತ. ಸಮಯ ಹೇಳುವಾಗಲೂ ಹಾಗೆ. "ಸವ್ವಾ ಎಂಟಕ್ಕ" ಅಂದರೆ ಚಾಮರಾಜನಗರದವರಿಗೆ ತಿಳಿಯುವುದಿಲ್ಲ, "ಎಂಟೂ ಕಾಲಿಗೆ" ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಹಿಂದಿಯಲ್ಲಿ ಕನ್ನಡದವರು ಎಡವುವುದು ಲಿಂಗದಲ್ಲಿ. "ಆಪ್ಕೀ ಶಿಕಾಯತ್ ದರ್ಜ್ ಹೋ ಗಯೀ ಹೈ" ಅನ್ನುವ ಕಡೆ "ಆಪ್ಕಾ ಶಿಕಾಯತ್ ದರ್ಜ್ ಹೋ ಗಯಾ" ಅನ್ನುತ್ತೇವೆ. ವಾರವೆಲ್ಲ ಬಳಸುವ ವಾಕ್ಯ ಮೂವತ್ತು ನಲವತ್ತು ಅಷ್ಟೆ, ಅವನ್ನು ಸರಿಯಾಗಿ ಕಲಿತರೆ ಸಾಕು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಆಡುವವರಿಗೆ ಇಲ್ಲಿ ಅನುಕೂಲ ಇದೆ. ಮರಾಠಿಯ "ತಕ್ರಾರ" ಕೂಡ ಸ್ತ್ರೀಲಿಂಗವೇ, ಹಾಗಾಗಿ ಅವರ ಕಿವಿಗೆ ತಪ್ಪು ಬೇಗ ಗೊತ್ತಾಗುತ್ತದೆ. ಮರಾಠಿ ಬರುತ್ತಿದ್ದರೆ ಮೆಸೇಜ್‌ನಲ್ಲಿ ಕೇಳದಿದ್ದರೂ ಹೇಳಿ. ಕನ್ನಡ, ಹಿಂದಿ, ಮರಾಠಿ ಮೂರೂ ಬರುವವರು ಒಂದೇ ಸೀಟಿನಲ್ಲಿ ಮೂರು ಭಾಷೆಯ ಕಾಲ್ ಎತ್ತುತ್ತಾರೆ. ಸಂಬಳದ ಮಾತು ಬಂದಾಗ ಅದಕ್ಕೆ ಬೆಲೆ ಇದೆ.

ಇಂಗ್ಲಿಷ್ ವಿಷಯದಲ್ಲಿ ಮೆಸೇಜ್‌ನ ಪದವನ್ನೇ ನೋಡಿ. "ಆವರೇಜ್", "ಗುಡ್", "ಎಕ್ಸಲೆಂಟ್" ಅಂತ ಮೂರು ಬಳಸುತ್ತಾರೆ. ಎಕ್ಸಲೆಂಟ್ ಅಂದರೆ ವಿದೇಶದ ಗ್ರಾಹಕರು ಅವರ ವೇಗದಲ್ಲಿ ಮಾತಾಡಿದಾಗ ಒಂದೇ ಸಲಕ್ಕೆ ಅರ್ಥವಾಗಬೇಕು ಅಂತ. ತಪ್ಪಿಲ್ಲದ ವ್ಯಾಕರಣ ಇದ್ದೂ ಕೇಳಿಸಿಕೊಳ್ಳುವುದರಲ್ಲಿ ಬಿದ್ದವರನ್ನು ನಾನು ಬಹಳ ನೋಡಿದ್ದೇನೆ.

ರೊಟೇಶನಲ್ ಅಂದರೆ ಏನು ತಿರುಗುತ್ತದೆ?

ಈ ಒಂದು ಪದದಲ್ಲಿ ಎರಡು ವಿಷಯ ಅಡಗಿವೆ. ಶಿಫ್ಟ್ ತಿರುಗುತ್ತದೆ, ರಜೆಯೂ ತಿರುಗುತ್ತದೆ. ಎರಡನ್ನೂ ಬೇರೆ ಬೇರೆ ಕೇಳಬೇಕು.

ಶಿಫ್ಟ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ತಿಂಗಳಿಗೊಮ್ಮೆ ಬದಲಾದರೆ ದೇಹ ಹೊಂದಿಕೊಳ್ಳುತ್ತದೆ. ವಾರಕ್ಕೊಮ್ಮೆ ಬದಲಾದರೆ ಕಷ್ಟ. ಯಾವ ಕಡೆಗೆ ಬದಲಾಗುತ್ತದೆ ಅನ್ನುವುದೂ ಮುಖ್ಯ. ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೋದರೆ ಮಲಗುವ ಹೊತ್ತು ಮುಂದಕ್ಕೆ ಹೋಗುತ್ತದೆ, ಅದು ಸುಲಭ. ರಾತ್ರಿಯಿಂದ ಬೆಳಗಿಗೆ ಹಿಂದಕ್ಕೆ ಬಂದರೆ ನಿದ್ದೆ ಹತ್ತುವುದೇ ಇಲ್ಲ.

ನನಗೆ ಆಗಿದ್ದನ್ನೇ ಹೇಳುತ್ತೇನೆ. ನನ್ನ ಮೊದಲ ಕೆಲಸದ ಮೆಸೇಜ್‌ನಲ್ಲೂ ರೊಟೇಶನಲ್ ಅಂತಲೇ ಇತ್ತು, ನಾನು ಏನೂ ಕೇಳಿರಲಿಲ್ಲ. ಟ್ರೈನಿಂಗ್ ಮೂರು ವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ಆಹಾ, ಎಷ್ಟು ಚಂದ ಇದೆ ಅಂದುಕೊಂಡೆ. ಫ್ಲೋರ್‌ಗೆ ಹೋದ ಮೇಲೆ ರೋಸ್ಟರ್ ಬಂತು. ಭಾನುವಾರ ಮಧ್ಯಾಹ್ನ 2ರಿಂದ ರಾತ್ರಿ 11, ಸೋಮವಾರ ಬೆಳಿಗ್ಗೆ 7ರಿಂದ ಸಂಜೆ 4. ಕಾಗದದ ಮೇಲೆ ನಡುವೆ ಎಂಟು ಗಂಟೆ ಇದೆ. ಕ್ಯಾಬ್ ನಾಲ್ಕು ಜನರನ್ನು ಇಳಿಸುತ್ತಾ ಬಂದು ಪಿಜಿ ಮುಟ್ಟಿದಾಗ ಹನ್ನೆರಡೂವರೆ. ಬೆಳಿಗ್ಗೆ ಪಿಕಪ್ ಐದೂವರೆಗೆ. ಐದಕ್ಕೆ ಏಳಬೇಕು. ಊಟ ಮಾಡಿ ಮಲಗಿದರೆ ಸಿಕ್ಕಿದ್ದು ನಾಲ್ಕು ಗಂಟೆ ನಿದ್ದೆ. ಆ ಸೋಮವಾರ ಒಬ್ಬರ ವಿಳಾಸವನ್ನು ಮೂರು ಸಲ ಕೇಳಿದೆ. ಮೂರನೇ ಸಲಕ್ಕೆ ಅವರು ಅತ್ತೇ ಬಿಟ್ಟರು, ಅವರ ತಾಯಿಗೆ ಹೋಗಬೇಕಿದ್ದ ಔಷಧಿಯ ಪಾರ್ಸೆಲ್ ಅದು. ಅವತ್ತಿನಿಂದ ಯಾರೇ ಕೇಳಿದರೂ ನಾನು ಇದನ್ನು ಮೊದಲು ಹೇಳುತ್ತೇನೆ: ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕನಿಷ್ಠ ಎಷ್ಟು ಗಂಟೆ ಕೊಡುತ್ತೀರಿ ಅಂತ ಕೇಳಿ. ಹನ್ನೆರಡಕ್ಕಿಂತ ಕಡಿಮೆ ಅಂದರೆ ಯೋಚನೆ ಮಾಡಿ.

ರಜೆಗೆ ಬಂದರೆ, "6 ದಿನ, ರೊಟೇಶನಲ್ ಆಫ್" ಅಂದರೆ ಒಂದು ವಾರ ಮಂಗಳವಾರ, ಇನ್ನೊಂದು ವಾರ ಶುಕ್ರವಾರ. ಊರಿನಲ್ಲೇ ಇದ್ದರೆ ತೊಂದರೆ ಇಲ್ಲ. ಬೆಂಗಳೂರಿನಲ್ಲಿದ್ದರೆ ಊರು ಸುಮಾರು 500 ಕಿಲೋಮೀಟರ್ ದೂರ. ಕೆಲಸ ಮುಗಿಸಿ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುತ್ತೀರಿ, ಅದೇ ರಾತ್ರಿ ಮತ್ತೆ ಹತ್ತಬೇಕು. ಮರುದಿನ ಬೆಳಿಗ್ಗೆ 7ರ ಶಿಫ್ಟ್ ಇದ್ದರೆ ಅದೂ ಆಗುವುದಿಲ್ಲ. "2 ಆಫ್" ಅಂತ ಇದ್ದರೂ ಎರಡೂ ಒಟ್ಟಿಗೆ ಬರುತ್ತವಾ, ಒಂದು ಸೋಮವಾರ ಒಂದು ಗುರುವಾರ ಬರುತ್ತಾ ಅಂತ ಕೇಳಬೇಕು. ಮನೆಗೆ ಹೋಗುವವರಿಗೆ ಇದೇ ದೊಡ್ಡ ವ್ಯತ್ಯಾಸ.

ಅಮೆರಿಕದ ಗ್ರಾಹಕರ ಕೆಲಸವಾದರೆ ಇನ್ನೊಂದಿದೆ. ಅವರು ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನಲ್ಲಿ ಹಿಂದಕ್ಕೆ ಇಡುತ್ತಾರೆ. ಸಂಜೆ 7ಕ್ಕೆ ಶುರುವಾಗುತ್ತಿದ್ದ ಶಿಫ್ಟ್ ಮಾರ್ಚ್‌ನಲ್ಲಿ 6ಕ್ಕೆ ಬರುತ್ತದೆ. ಮನೆಯವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಹೆಣ್ಣುಮಕ್ಕಳಿಗೆ: ಕರ್ನಾಟಕದಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 6ರ ನಡುವೆ ಕೆಲಸಕ್ಕೆ ಹಾಕಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಮನೆಯಿಂದ ಆಫೀಸಿಗೆ ವಾಹನವೂ ಕೊಡಬೇಕು. ಆ ಒಪ್ಪಿಗೆಯ ಕಾಗದ ಸೇರುವ ದಿನದ ಹತ್ತಿಪ್ಪತ್ತು ಕಾಗದಗಳ ನಡುವೆ ಇರುತ್ತದೆ. ಓದದೆ ಸಹಿ ಹಾಕಬೇಡಿ. "ಎರಡೂ ಕಡೆ ಕ್ಯಾಬ್" ಅಂದರೂ ಅದಕ್ಕೊಂದು ಗಡಿ ಇರುತ್ತದೆ, ಹೈರಿಂಗ್ ಝೋನ್ ಅನ್ನುತ್ತಾರೆ. ಪಿಜಿ ಅದರ ಹೊರಗಿದ್ದರೆ ಕ್ಯಾಬ್ ಬರುವುದಿಲ್ಲ. ಹಾಗಾಗಿ ಮೊದಲು ಝೋನ್ ಕೇಳಿ, ಆಮೇಲೆ ಪಿಜಿಗೆ ಅಡ್ವಾನ್ಸ್ ಕೊಡಿ.

ಟೆಸ್ಟ್‌ಗಳಲ್ಲಿ ಜನ ಬೀಳುವುದು ಎಲ್ಲಿ

ಎಚ್‌ಆರ್ ರೌಂಡ್ ಫೋನಿನಲ್ಲೇ ಮುಗಿಯುತ್ತದೆ. ಊರು, ಓದು, ಶಿಫ್ಟ್‌ಗೆ ಒಪ್ಪಿಗೆ ಇದೆಯಾ, ಯಾವಾಗ ಸೇರುತ್ತೀರಿ. ಹತ್ತು ನಿಮಿಷ. ಆದರೆ ಅವರು ನಿಮ್ಮ ಮಾತನ್ನೂ ಗಮನಿಸುತ್ತಿರುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡಬೇಡಿ.

ಕನ್ನಡ ವಾಯ್ಸ್ ರೌಂಡ್‌ನಲ್ಲಿ ಒಂದು ಪ್ಯಾರಾ ಓದಿಸಿ, ಆಮೇಲೆ ಮಾಕ್ ಕಾಲ್ ಮಾಡಿಸುತ್ತಾರೆ. ನಾನು ಕೊಡುತ್ತಿದ್ದದ್ದು ಇದು: "ನಾನು ಗ್ರಾಹಕ. ರೀಫಂಡ್ ಐದು ದಿನದಲ್ಲಿ ಬರುತ್ತೆ ಅಂದಿದ್ರಿ, ಇವತ್ತು ಒಂಬತ್ತನೇ ದಿನ." ಹೆಚ್ಚಿನವರು ತಕ್ಷಣ "ಸಾರಿ ಸರ್, ಎರಡು ದಿನದಲ್ಲಿ ಬರುತ್ತೆ" ಅನ್ನುತ್ತಾರೆ. ಅಲ್ಲಿಗೆ ಮಾರ್ಕ್ಸ್ ಹೋಯಿತು. ಏನೂ ನೋಡದೆ ಮಾತು ಕೊಟ್ಟುಬಿಟ್ಟರಲ್ಲ. ಇನ್ನು ಕೆಲವರು ಯೋಚಿಸುತ್ತಾ ಸುಮ್ನೆ ಕೂರುತ್ತಾರೆ, ಅದಕ್ಕೆ ಡೆಡ್ ಏರ್ ಅನ್ನುತ್ತಾರೆ, ಅದೂ ತಪ್ಪು. ನನಗೆ ಬೇಕಿದ್ದದ್ದು ಇಷ್ಟೇ: "ಒಂಬತ್ತು ದಿನ ಆಗಿದೆ ಅಂದ್ರೆ ತಡ ಆಗಿರೋದು ನಿಜ ಸರ್. ಆರ್ಡರ್ ನಂಬರ್ ಹೇಳಿ, ಈಗಲೇ ನೋಡ್ತೀನಿ. ಒಂದು ನಿಮಿಷ ಲೈನ್‌ನಲ್ಲಿ ಇರ್ತೀರಾ?" ಅವರು ಹೇಳಿದ್ದು ಕೇಳಿಸಿಕೊಂಡಿರಿ ಅಂತ ತೋರಿಸಿ, ಬೇಕಾದ ವಿವರ ಕೇಳಿ, ಕಾಯಿಸುವ ಮೊದಲು ಒಪ್ಪಿಗೆ ತೆಗೆದುಕೊಳ್ಳುವುದು. ಇಷ್ಟು ಬಂದರೆ ಉಚ್ಚಾರದಲ್ಲಿ ಸಣ್ಣಪುಟ್ಟದ್ದು ನಾವು ಬಿಡುತ್ತಿದ್ದೆವು.

ವರ್ಸಂಟ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬೇರೆ ಥರ. ಎದುರಿಗೆ ಮನುಷ್ಯರಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಮಾತಾಡಬೇಕು. ಮಾತಿನ ಪರೀಕ್ಷೆ ಕಾಲು ಗಂಟೆ ಆಚೀಚೆ. ವಾಕ್ಯ ಓದುವುದು, ಕೇಳಿದ ವಾಕ್ಯವನ್ನು ಹಾಗೇ ತಿರುಗಿ ಹೇಳುವುದು, ಒಂದು ಪದದ ಉತ್ತರ, ತುಂಡು ಪದಗಳನ್ನು ಜೋಡಿಸಿ ವಾಕ್ಯ ಮಾಡುವುದು, ಕಥೆ ಕೇಳಿ ನಿಮ್ಮ ಮಾತಿನಲ್ಲಿ ಹೇಳುವುದು, ಕೊನೆಗೆ ಅಭಿಪ್ರಾಯದ ಪ್ರಶ್ನೆ. ಜನ ಕಥೆಗೆ ಹೆದರುತ್ತಾರೆ, ನಿಜವಾಗಿ ಬೀಳುವುದು ತಿರುಗಿ ಹೇಳುವ ಭಾಗದಲ್ಲಿ. ವಾಕ್ಯ ಒಂದೇ ಸಲ ಕೇಳಿಸುತ್ತದೆ, ಮತ್ತೆ ಹಾಕಿ ಅನ್ನಲು ಯಾರೂ ಇಲ್ಲ. ಪದ ಪದ ನೆನಪಿಟ್ಟುಕೊಳ್ಳಲು ಹೋದರೆ ಅರ್ಧಕ್ಕೆ ಕಳೆದುಹೋಗುತ್ತದೆ. ಅರ್ಥ ಹಿಡಿದರೆ ವಾಕ್ಯ ತಾನಾಗಿ ಬರುತ್ತದೆ. ದಿನಾ ಇಂಗ್ಲಿಷ್ ವಾರ್ತೆ ಹಾಕಿ, ಒಂದು ವಾಕ್ಯಕ್ಕೆ ನಿಲ್ಲಿಸಿ, ತಿರುಗಿ ಹೇಳಿ. ಎರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಬಾಯಲ್ಲಿ "ಬಸ್ಸು", "ಕಾರ್ಡು" ಅಂತ ಕೊನೆಗೆ ಉಕಾರ ಸೇರುವುದು, "ಎವ್ರಿ" ಬದಲು "ಯೆವ್ರಿ" ಆಗುವುದು, ಇವೆರಡನ್ನು ಅದೇ ಹೊತ್ತಿನಲ್ಲಿ ತಿದ್ದಿಕೊಳ್ಳಬಹುದು.

ಟೈಪಿಂಗ್‌ನಲ್ಲಿ 30 ಸ್ಪೀಡ್ ಅಂದರೆ ನಿಮಿಷಕ್ಕೆ 30 ಪದ. ಐದು ಕೀಲಿ ಒತ್ತಿದರೆ ಒಂದು ಪದ ಅಂತ ಲೆಕ್ಕ, ಅಂದರೆ ನಿಮಿಷಕ್ಕೆ 150. ಮೊಬೈಲಿನಲ್ಲಿ ಪಟಪಟ ಹೊಡೆಯುವವರು ಕೀಬೋರ್ಡ್ ಮುಂದೆ 18ಕ್ಕೆ ನಿಲ್ಲುತ್ತಾರೆ. ಎರಡು ಬೆರಳಿನಲ್ಲಿ 25 ತನಕ ಬರಬಹುದು, 30ರ ಮೇಲೆ ತಪ್ಪು ಜಾಸ್ತಿ ಆಗುತ್ತದೆ.

ಒಂದು ಎಚ್ಚರಿಕೆ. ಒಂದು ಕಂಪನಿಯಲ್ಲಿ ಬಿದ್ದರೆ ಮತ್ತೆ ಹೋಗಲು ಒಂದರಿಂದ ಮೂರು ತಿಂಗಳು ಕಾಯಿಸುವುದು ಸಾಮಾನ್ಯ, ಕೂಲಿಂಗ್ ಪೀರಿಯಡ್ ಅನ್ನುತ್ತಾರೆ. ಮೂರು ಮೆಸೇಜ್ ಮೂರು ಕನ್ಸಲ್ಟೆನ್ಸಿಯಿಂದ ಬಂದಿದ್ದರೂ ಕಂಪನಿ ಒಂದೇ ಇರಬಹುದು. ಎರಡು ಕಡೆಯಿಂದ ನಿಮ್ಮ ಹೆಸರು ಹೋದರೆ ಡುಪ್ಲಿಕೇಟ್ ಅಂತ ತೆಗೆದುಹಾಕುತ್ತಾರೆ. ರೆಸ್ಯುಮೆ ಕಳಿಸುವ ಮೊದಲು ಕಂಪನಿ ಹೆಸರು ಕೇಳಿ. ಹೇಳದವರಿಗೆ, ರಿಜಿಸ್ಟ್ರೇಷನ್ ಅಂತ ದುಡ್ಡು ಕೇಳುವವರಿಗೆ, ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ ಏನನ್ನೂ ಕಳಿಸಬೇಡಿ.

ಟ್ರೈನಿಂಗ್ ಕೊನೆಗೂ ಒಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಬಿದ್ದರೆ ಮನೆಗೆ. ಮೆಸೇಜ್‌ನಲ್ಲಿ ಇದನ್ನು ಬರೆಯುವುದಿಲ್ಲ. ಟ್ರೈನಿಂಗ್ ದಿನಗಳಿಗೆ ಪೂರ್ತಿ ಸಂಬಳವಾ, ಬಿದ್ದರೆ ಮಾಡಿದ ದಿನಗಳ ದುಡ್ಡು ಬರುತ್ತಾ ಅಂತ ಕೇಳಿಟ್ಟುಕೊಳ್ಳಿ.

ಈಗ ದುಡ್ಡು

ಸಿಟಿಸಿ ಅಂದರೆ ಕೈಗೆ ಬರುವ ಸಂಬಳ ಅಲ್ಲ, ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಮೂರನೇ ಮೆಸೇಜ್ ತೆಗೆದುಕೊಳ್ಳಿ. 2.4 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 20,000. ಮೂಲ ವೇತನ 15,000 ಅಂತ ಇಟ್ಟುಕೊಂಡರೆ ಕಂಪನಿ ಕಟ್ಟುವ ಪಿಎಫ್ ಶೇಕಡಾ 12, ಅಂದರೆ 1,800. ಕಂಪನಿಯ ಇಎಸ್‌ಐ ಶೇಕಡಾ 3.25. ಇವೆರಡೂ ಆ 20,000ದ ಒಳಗೇ ಇರುತ್ತವೆ. ಅವು ಹೋದರೆ ಗ್ರಾಸ್ ಸುಮಾರು 17,600. ಅದರಿಂದ ನಿಮ್ಮ ಪಿಎಫ್ 1,800, ನಿಮ್ಮ ಇಎಸ್‌ಐ ಶೇಕಡಾ 0.75 ಕಳೆದರೆ ಕೈಗೆ ಸುಮಾರು 15,700. ಮೊದಲನೇ ಮೆಸೇಜ್‌ನಲ್ಲಿ "ಟೇಕ್ ಹೋಮ್ 15,000" ಅಂತ ಇತ್ತಲ್ಲ, ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಏಳುನೂರು ರೂಪಾಯಿ ಅಷ್ಟೆ.

ಎರಡನೆಯದು 3.6 ಲಕ್ಷ, ತಿಂಗಳಿಗೆ 30,000. ಕಂಪನಿಯ ಪಿಎಫ್ 1,800 ಹೋದರೆ 28,200. ಇಎಸ್‌ಐ 21,000ದವರೆಗಿನ ಸಂಬಳಕ್ಕೆ ಮಾತ್ರ, ಇಲ್ಲಿ ಇಲ್ಲ. ನಿಮ್ಮ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ 26,200. ಆದರೆ ಅವಳು ಕರೆ ಮಾಡಿ ಕೇಳಿದಾಗ ಅದರಲ್ಲಿ 3,000 ಇನ್ಸೆಂಟಿವ್ ಅಂತ ಗೊತ್ತಾಯಿತು. ಕ್ವಾಲಿಟಿ ಸ್ಕೋರ್, ಹಾಜರಿ ಸರಿ ಇದ್ದರೆ ಮಾತ್ರ ಅದು. ಖಚಿತವಾಗಿ ಬರುವುದು 23,200.

ಇದನ್ನು ಹಿಡಿದುಕೊಂಡು ಮೂರನ್ನೂ ತೂಗಿದೆವು.

ಹುಬ್ಬಳ್ಳಿಯಲ್ಲಿ ಅವಳ ಗೆಳತಿ ಇರುವ ಪಿಜಿ ಊಟ ಸೇರಿ 5,500. ಓಡಾಟ, ಫೋನ್, ಇತರೆ 2,000. ಉಳಿಯುವುದು 7,500. ಶಿಫ್ಟ್ ತಿರುಗಿದರೂ ರಾತ್ರಿ 8ರೊಳಗೆ ಮುಗಿಯುತ್ತದೆ, ಅಂದರೆ ನಿದ್ದೆ ಕೆಡುವುದಿಲ್ಲ. ಒಂದೇ ದಿನ ರಜೆ ಆದರೂ ಊರಿಗೆ ಹೋಗಿ ಬರಬಹುದು. ಭಾಷೆಯಲ್ಲಿ ಅವಳಿಗೆ ಕನ್ನಡ, ಮರಾಠಿ ಎರಡೂ ಮನೆಮಾತಿನಂತೆ, ಹಿಂದಿಯೂ ಪರವಾಗಿಲ್ಲ. ಇದರ ಕೊರತೆ ಒಂದೇ: ಕನ್ನಡ, ಹಿಂದಿ ಪ್ರೋಸೆಸ್‌ನಲ್ಲಿ ಸಂಬಳ ನಿಧಾನವಾಗಿ ಏರುತ್ತದೆ. ಎರಡು ವರ್ಷ ಕಳೆದರೂ ಕೈಗೆ ಎರಡು ಮೂರು ಸಾವಿರ ಹೆಚ್ಚಾಗಿರುವವರನ್ನು ನೋಡಿದ್ದೇನೆ.

ಬೆಂಗಳೂರಿನಲ್ಲಿ ಹೈರಿಂಗ್ ಝೋನ್ ಒಳಗಿನ ಪಿಜಿ, ಮೂವರ ಶೇರಿಂಗ್, ಅವಳು ವಿಚಾರಿಸಿದ್ದು 9,000. ಇತರೆ ಖರ್ಚು 3,500, ಊರಿಗೆ ತಿಂಗಳಿಗೆ ಒಂದು ಸಲ ಹೋಗಿ ಬರಲು 1,200. ಉಳಿಯುವುದು 9,500. ಸಂಬಳ ಹುಬ್ಬಳ್ಳಿಯ ಒಂದೂವರೆ ಪಟ್ಟು, ಉಳಿತಾಯ ಹೆಚ್ಚು ಎರಡೇ ಸಾವಿರ. ಅಷ್ಟಕ್ಕೆ ರಾತ್ರಿಗಳನ್ನು ಕೊಡಬೇಕು. ಹಾಗಂತ ಇದನ್ನು ತಳ್ಳಿಹಾಕುವುದಿಲ್ಲ. ಒಂದೂವರೆ ವರ್ಷ ಇಂಗ್ಲಿಷ್ ಕಾಲ್ ಎತ್ತಿದವರಿಗೆ ಮುಂದಿನ ಕೆಲಸ ಸುಲಭವಾಗಿ ಸಿಗುತ್ತದೆ, ಅಲ್ಲಿ ಸಂಬಳ ಜಿಗಿಯುತ್ತದೆ. ಮನೆಯ ಜವಾಬ್ದಾರಿ ಕಡಿಮೆ ಇದ್ದು, ಇಂಗ್ಲಿಷ್ ಈಗಲೇ ಸಲೀಸಾಗಿ ಬರುತ್ತಿದ್ದು, ರಾತ್ರಿ ಎಚ್ಚರ ಇರಲು ದೇಹ ಒಪ್ಪುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ತಡವರಿಸುತ್ತಾಳೆ. ಇವತ್ತು ವರ್ಸಂಟ್‌ಗೆ ಕೂತರೆ ಬೀಳುತ್ತಾಳೆ, ಆ ಬಾಗಿಲು ಮೂರು ತಿಂಗಳವರೆಗೂ ಮುಚ್ಚಬಹುದು.

ಮೂರನೆಯದು ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ. ಮನೆಯಲ್ಲೇ ಇದ್ದು, ಬ್ರಾಡ್‌ಬ್ಯಾಂಡಿಗೆ 700 ಕೊಟ್ಟರೆ 15,000 ಉಳಿಯುತ್ತದೆ. ಅವಳ ಅಪ್ಪನಿಗೂ ಇದೇ ಇಷ್ಟ. ಆದರೆ ಖಾನಾಪುರದ ಮಳೆಗಾಲ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ. ಮನೆಯಿಂದ ಕೆಲಸದಲ್ಲಿ ಲಾಗಿನ್ ಗಂಟೆಗೆ ಸಂಬಳ. ಲೈನ್ ಹೋಗಿ ಎರಡು ಗಂಟೆ ಲಾಗಿನ್ ಇಲ್ಲದಿದ್ದರೆ ಅರ್ಧ ದಿನದ ಸಂಬಳ ಕತ್ತರಿಸುವ ಕಡೆಗಳಿವೆ. ಇನ್ವರ್ಟರ್, ಬ್ಯಾಟರಿ ಹಾಕಿಸಿದರೆ ಮೊದಲ ತಿಂಗಳ ಸಂಬಳ ಅದಕ್ಕೇ ಹೋಗುತ್ತದೆ, ಮತ್ತೆ ರೌಟರ್ ನಡೆದರೂ ಊರಿನ ಕಡೆಯ ಕೇಬಲ್ ಲೈನ್ ಹೋದರೆ ಏನೂ ಮಾಡಲಾಗದು. ಜೊತೆಗೆ ಚಾಟ್ ಅಂದರೆ ಒಂದೇ ಹೊತ್ತಿಗೆ ಎರಡು ಮೂರು ಜನರ ಜೊತೆ ಟೈಪ್ ಮಾಡಬೇಕು. ಅವಳ ಸ್ಪೀಡ್ ನೋಡಿದೆವು, 21 ಬಂತು. ಬೆಳಗಾವಿ ಪೇಟೆಯೊಳಗೆ ಮನೆ ಇದ್ದು, 35ರ ಮೇಲೆ ಸ್ಪೀಡ್ ಇರುವವರಿಗೆ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಇದು ನಿಜಕ್ಕೂ ಒಳ್ಳೆಯದು. ರಾತ್ರಿ ಶಿಫ್ಟ್ ಎಷ್ಟು ವಾರಕ್ಕೊಮ್ಮೆ ಅಂತ ಮಾತ್ರ ಬರವಣಿಗೆಯಲ್ಲಿ ಕೇಳಿ. ಮನೆಯಲ್ಲೇ ಇದ್ದೀರಲ್ಲ ಅಂತ ರಾತ್ರಿ ಶಿಫ್ಟನ್ನು ಮನೆಯಿಂದ ಕೆಲಸ ಮಾಡುವವರಿಗೇ ಹೆಚ್ಚು ಹಾಕುತ್ತಾರೆ.

ಅವಳು ಅಲ್ಲೇ ಕೂತು ಮೊದಲನೇ ಮೆಸೇಜ್‌ಗೆ ಉತ್ತರ ಬರೆದಳು. "ನಮಸ್ಕಾರ. ಕನ್ನಡ, ಮರಾಠಿ, ಹಿಂದಿ ಮೂರೂ ಮಾತಾಡ್ತೀನಿ. ಕಂಪನಿ ಹೆಸರು ತಿಳಿಸಿ. ಶಿಫ್ಟ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತೆ? ಎರಡು ಶಿಫ್ಟ್ ನಡುವೆ ಕನಿಷ್ಠ ಎಷ್ಟು ಗಂಟೆ ಇರುತ್ತೆ? ಟ್ರೈನಿಂಗ್‌ನಲ್ಲಿ ಪೂರ್ತಿ ಸಂಬಳ ಇದೆಯಾ?" ಅರ್ಧ ಗಂಟೆಯಲ್ಲಿ ಉತ್ತರ ಬಂತು. ಕಂಪನಿ ಹೆಸರು ಹೇಳಿದರು. ಶಿಫ್ಟ್ ಎರಡು ವಾರಕ್ಕೊಮ್ಮೆ, ನಡುವೆ ಹನ್ನೊಂದು ಗಂಟೆ. ಟ್ರೈನಿಂಗ್ 18 ದಿನ, ಪೂರ್ತಿ ಸಂಬಳ. ಮರಾಠಿ ಕಾಲ್ ಎತ್ತಿದರೆ ತಿಂಗಳಿಗೆ 1,500 ಲ್ಯಾಂಗ್ವೇಜ್ ಅಲೋವೆನ್ಸ್ ಇದೆ, ಅದು ಮೆಸೇಜ್‌ನಲ್ಲಿ ಇರಲೇ ಇಲ್ಲ.

ಹನ್ನೊಂದು ಗಂಟೆ ನಾನು ಹೇಳಿದ ಹನ್ನೆರಡಕ್ಕಿಂತ ಒಂದು ಕಡಿಮೆ. ಪಿಜಿ ಆಫೀಸಿನಿಂದ ಹದಿನೈದು ನಿಮಿಷದ ದಾರಿ ಅಂದಳು. ಹಾಗಾದರೆ ನಡೆಯುತ್ತೆ ಅಂದೆ. ವಾಕಿನ್ ಸಂದರ್ಶನ ಮುಂದಿನ ಗುರುವಾರ. ಅಲ್ಲಿಯ ತನಕ ದಿನಾ ಬೆಳಿಗ್ಗೆ ಅರ್ಧ ಗಂಟೆ ಕೀಬೋರ್ಡ್, ಸಂಜೆ ಫೋನಿನಲ್ಲಿ ನನ್ನ ಜೊತೆ ಒಂದು ಮಾಕ್ ಕಾಲ್. ನಿನ್ನೆ ನಾನು ಸಿಟ್ಟಿನ ಗ್ರಾಹಕಿಯಾಗಿ "ರೀಫಂಡ್ ಯಾಕೆ ಬಂದಿಲ್ಲ?" ಅಂತ ಜೋರು ಮಾಡಿದೆ. "ತಡ ಆಗಿರೋದು ನಿಜ ಮೇಡಂ, ಆರ್ಡರ್ ನಂಬರ್ ಹೇಳ್ರಿ…" ಅಂದಳು, ಅಲ್ಲೇ ನಿಲ್ಲಿಸಿ, "ಹೇಳ್ತೀರಾ?" ಅಂತ ತಾನೇ ತಿದ್ದಿಕೊಂಡಳು.